‘ನಾಳೆ ಲೋಡ್ ಆಗ್ತದ್ರೀ’ ಎನ್ನುವವರಿಗೆ ಒಂದು ಇಮೇಲ್

ಬೆಂಗಳೂರಿನ ಪೀಣ್ಯದಲ್ಲಿ ಪಂಪು, ವಾಲ್ವು, ಗೇರ್‌ಬಾಕ್ಸ್ ಮಾಡುವ ಸಣ್ಣ ಕಾರ್ಖಾನೆಗಳ ಪರ್ಚೇಸ್ ವಿಭಾಗದವರಿಗೆ ಅರ್ಧ ದಿನ ಫೋನಿನಲ್ಲೇ ಕಳೆಯುತ್ತದೆ. ಆರ್ಡರ್ ಹಾಕುವುದು ಹತ್ತು ನಿಮಿಷದ ಕೆಲಸ. ಹಾಕಿದ ಆರ್ಡರ್‌ನ ಮಾಲು ತರಿಸುವುದೇ ನಿಜವಾದ ಉದ್ಯೋಗ. ಆ ಕಡೆಯಿಂದ ಬರುವ ಉತ್ತರವೂ ಎಲ್ಲರಿಗೂ ಬಾಯಿಪಾಠ: ‘ರೆಡಿ ಅದ ಸರ್, ನಾಳೆ ಲೋಡ್ ಆಗ್ತದ್ರೀ.’ ಆ ನಾಳೆ ಮೂರು ಸಲ ಬಂದು ಹೋದ ಮೇಲೆ ಈ ಕಡೆಯವರು ಕಂಪ್ಯೂಟರ್ ಮುಂದೆ ಕೂತು ಸಿಟ್ಟಿನಲ್ಲಿ ಒಂದು ಇಮೇಲ್ ಬರೆಯುತ್ತಾರೆ. ‘ನಿಮ್ಮ ಬೇಜವಾಬ್ದಾರಿ ವರ್ತನೆಯಿಂದ ನಮಗೆ ಅಪಾರ ನಷ್ಟವಾಗಿದೆ, ಕೂಡಲೇ ಮಾಲು ಕಳುಹಿಸದಿದ್ದರೆ ಕಾನೂನು ಕ್ರಮ ಅನಿವಾರ್ಯ’ ಎಂದು. ಅದನ್ನು ಓದಿದ ಸರಬರಾಜುದಾರ ಒಂದು ‘ಸಾರಿ ಸರ್’ ಕಳುಹಿಸಿ ಸುಮ್ಮನಾಗುತ್ತಾನೆ. ಮಾಲು ಮಾತ್ರ ಇದ್ದಲ್ಲೇ ಇರುತ್ತದೆ.

ಪರ್ಚೇಸ್‌ನವರು ಇಂಥ ಇಮೇಲನ್ನು ಎಸ್ಕಲೇಷನ್ ಮೇಲ್ ಎನ್ನುತ್ತಾರೆ. ನಮ್ಮ ದೂರನ್ನು ಸರಬರಾಜುದಾರರ ಕಡೆಯಲ್ಲಿ ಒಂದು ಮೆಟ್ಟಿಲು ಮೇಲೆ ಒಯ್ಯುವುದು ಇದರ ಕೆಲಸ. ಅದು ಸಾಧಿಸಬೇಕಾದದ್ದು ಎರಡೇ: ನಂಬಬಹುದಾದ ಒಂದು ದಿನಾಂಕ ಪಡೆಯುವುದು, ಅದೂ ತಪ್ಪಿದರೆ ನಮ್ಮ ಹಕ್ಕು ಉಳಿಸಿಕೊಳ್ಳುವುದು. ಸಿಟ್ಟಿನ ಇಮೇಲಿನಿಂದ ಈ ಎರಡರಲ್ಲಿ ಒಂದೂ ಆಗುವುದಿಲ್ಲ. ಹೇಗೆ ಬರೆದರೆ ಆಗುತ್ತದೆ ಎಂದು ನೋಡಲು ಒಂದು ಉದಾಹರಣೆ ಇಟ್ಟುಕೊಳ್ಳೋಣ.

ಪೀಣ್ಯದ ಒಂದು ಪಂಪ್ ಕಾರ್ಖಾನೆ ಬೆಳಗಾವಿಯ ಉದ್ಯಮಬಾಗಿನ ಒಂದು ಫೌಂಡ್ರಿಗೆ 400 ಪಂಪ್ ಬಾಡಿಗಳ ಎರಕಕ್ಕೆ ಜೂನ್ 2ರಂದು ಪಿಒ, ಅಂದರೆ ಖರೀದಿ ಆದೇಶ, ಕೊಟ್ಟಿದೆ. ಜುಲೈ 14ಕ್ಕೆ ಮಾಲು ಬರಬೇಕು. ಒಂದೊಂದು 18 ಕೆಜಿ, ಕೆಜಿಗೆ 130 ರೂಪಾಯಿ. ಜುಲೈ 22ಕ್ಕೆ 120 ಬಂದವು. ಉಳಿದ 280ಕ್ಕೆ ಮೊದಲು ಜುಲೈ 24 ಎಂದರು, ಆಮೇಲೆ ಆಗಸ್ಟ್ 2, ಆಮೇಲೆ ಆಗಸ್ಟ್ 9. ಇವತ್ತು ಆಗಸ್ಟ್ 11, ಸೋಮವಾರ. ಪಂಪುಗಳನ್ನು ಆಗಸ್ಟ್ 30ಕ್ಕೆ ಗಿರಾಕಿಗೆ ತಲುಪಿಸಬೇಕು. ನಡುವೆ 27ಕ್ಕೆ ಗಣೇಶ ಚೌತಿ. ಬೆಳಗಾವಿಯಲ್ಲಿ ಗಣಪತಿ ಹಬ್ಬ ಎಂದರೆ ಎಷ್ಟು ಜೋರು ಎಂಬುದು ಗೊತ್ತಿದ್ದವರಿಗೆ ಗೊತ್ತು. ಆ ವಾರ ಫೌಂಡ್ರಿಯಲ್ಲಿ ಅರ್ಧ ಕೆಲಸಗಾರರೂ ಸಿಕ್ಕುವುದಿಲ್ಲ.

ಬರೆಯುವ ಮೊದಲು ಮಾಲು ಏಕೆ ತಡವಾಗುತ್ತಿದೆ ಎಂದು ಊಹಿಸಿಕೊಳ್ಳಬೇಕು. ಫೌಂಡ್ರಿಯವರು ಸುಳ್ಳು ಹೇಳುತ್ತಾರೆ ಎಂದು ಬೈದುಕೊಳ್ಳುವುದು ಸುಲಭ. ಆದರೆ ಸುಳ್ಳಿನ ಹಿಂದೆ ಸಾಮಾನ್ಯವಾಗಿ ಎರಡು ಕಾರಣಗಳಲ್ಲಿ ಒಂದು ಇರುತ್ತದೆ. ಮೊದಲನೆಯದು ಕುಲುಮೆಯ ಸರದಿ. ಒಂದು ಸಲ ಕಬ್ಬಿಣ ಕರಗಿಸಿದರೆ ಅದನ್ನೆಲ್ಲ ಒಂದೇ ಗ್ರೇಡಿನ ಅಚ್ಚುಗಳಿಗೆ ಹೊಯ್ಯಬೇಕು. ತಿಂಗಳಿಗೆ ಐವತ್ತು ಟನ್ ಎತ್ತುವ ದೊಡ್ಡ ಗಿರಾಕಿಯ ಮಾಲು ಇದ್ದರೆ ಐದು ಟನ್ನಿನ ನಮ್ಮ ಆರ್ಡರ್ ಹಿಂದಕ್ಕೆ ಸರಿಯುತ್ತದೆ. ಎರಡನೆಯದು ರಿಜೆಕ್ಷನ್. ಎರಕ ಹೊಯ್ದಾಗಿದೆ, ಮರಳು ಒಡೆದು ತೆಗೆದಾಗ ಗಾಳಿಗುಳ್ಳೆ ಕಂಡಿದೆ, ಇಲ್ಲವೇ ಒಳಗಿನ ಕೋರ್ ಸರಿದು ಗೋಡೆ ಒಂದು ಕಡೆ ತೆಳುವಾಗಿದೆ. ನೂರು ಹೊಯ್ದರೆ ನಲವತ್ತು ಮತ್ತೆ ಕುಲುಮೆಗೆ ಹೋಗಿವೆ. ಇದನ್ನು ಗಿರಾಕಿಗೆ ಹೇಳಲು ಮುಜುಗರ. ಹಾಗಾಗಿ ‘ನಾಳೆ’ ಎನ್ನುತ್ತಾರೆ.

ಎರಡು ಕಾರಣಕ್ಕೂ ಮದ್ದು ಬೇರೆ. ಸರದಿಯ ತೊಂದರೆಯಾದರೆ ಸರದಿ ಬದಲಿಸುವ ಅಧಿಕಾರ ಇರುವವರನ್ನು ಹಿಡಿಯಬೇಕು. ರಿಜೆಕ್ಷನ್ ಆದರೆ ಎಷ್ಟು ಮೇಲಿನವರಿಗೆ ಬರೆದರೂ ಪ್ರಯೋಜನವಿಲ್ಲ, ಅಚ್ಚು ಸರಿಹೋಗುವವರೆಗೂ ಮಾಲು ಬರುವುದಿಲ್ಲ. ಯಾವುದು ಎಂದು ತಿಳಿಯಲು ಇಮೇಲಿನಲ್ಲಿ ಒಂದು ಪ್ರಶ್ನೆ ಸಾಕು. ‘ಯಾವಾಗ ಕಳುಹಿಸುತ್ತೀರಿ’ ಎಂದು ಕೇಳಬೇಡಿ. ‘280ರಲ್ಲಿ ಇವತ್ತಿಗೆ ಎಷ್ಟಕ್ಕೆ ಮೌಲ್ಡಿಂಗ್ ಆಗಿದೆ, ಎಷ್ಟು ಹೊಯ್ದಿದ್ದೀರಿ, ಎಷ್ಟು ಫೆಟ್ಲಿಂಗ್ ಆಗಿ ಅಂಚು ಉಜ್ಜಿಯಾಗಿದೆ, ಎಷ್ಟು ರಿಜೆಕ್ಟ್ ಆಗಿವೆ’ ಎಂದು ಕೇಳಿ. ನಾಳೆ ಲೋಡ್ ಆಗುವ ಮಾಲಾದರೆ ಇವತ್ತು ಫೆಟ್ಲಿಂಗ್ ದಾಟಿರಲೇಬೇಕು. ಹೊಯ್ದದ್ದೇ 60 ಎಂದು ಉತ್ತರ ಬಂದರೆ, ಕೊಟ್ಟ ದಿನಾಂಕಕ್ಕೆ ಬೆಲೆಯಿಲ್ಲ ಎಂದು ಅವರ ಕೈಯಿಂದಲೇ ಬರೆಸಿಕೊಂಡಂತಾಯಿತು. ಉತ್ತರವೇ ಬಾರದಿದ್ದರೆ ಅದಕ್ಕಿಂತ ಕೆಟ್ಟ ಸುದ್ದಿ.

ಇನ್ನೊಂದು ಕೆಲಸವೂ ಬರೆಯುವ ಮೊದಲೇ ಆಗಬೇಕು. ನಮ್ಮ ಅಕೌಂಟ್ಸ್ ವಿಭಾಗಕ್ಕೆ ಹೋಗಿ ಆ ಫೌಂಡ್ರಿಯ ಬಿಲ್ಲುಗಳು ಬಾಕಿ ಇವೆಯೇ ಎಂದು ನೋಡಬೇಕು. ಎಷ್ಟೋ ಸಲ ಮಾಲು ನಿಂತಿರುವುದೇ ಹಣ ಬರದೆ. ಬಾಯಿಬಿಟ್ಟು ಕೇಳಲು ಅವರಿಗೂ ಸಂಕೋಚ. 2006ರ ಎಂಎಸ್‌ಎಂಇಡಿ ಕಾಯಿದೆಯ ಪ್ರಕಾರ ನೋಂದಾಯಿತ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನಕ್ಕಿಂತ ಹೆಚ್ಚು ಬಾಕಿ ಇಡುವಂತಿಲ್ಲ. ಇಟ್ಟರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಎರಡು ತಿಂಗಳ ಬಿಲ್ಲು ಮೇಜಿನಲ್ಲಿಟ್ಟುಕೊಂಡು ‘28 ದಿನ ತಡ ಮಾಡಿದ್ದೀರಿ’ ಎಂದು ಬರೆದರೆ ಬರುವ ಉತ್ತರವನ್ನು ನಮ್ಮ ಬಾಸ್ ಎದುರು ಓದಲಾಗದು. ನಮ್ಮ ಉದಾಹರಣೆಯಲ್ಲಿ 120ರ ಬಿಲ್ಲು ಆಗಸ್ಟ್ 8ಕ್ಕೆ ಪಾವತಿಯಾಗಿದೆ. ಇಮೇಲಿನಲ್ಲಿ ಅದನ್ನೂ ಒಂದು ಸಾಲಿನಲ್ಲಿ ಹೇಳಬೇಕು.

ಈಗ ಯಾರಿಗೆ ಬರೆಯುವುದು? ದಿನಾ ಫೋನ್ ಎತ್ತುವ ಡಿಸ್ಪ್ಯಾಚ್ ಹುಡುಗನಿಗೆ ಕುಲುಮೆಯ ಸರದಿ ಬದಲಿಸುವ ಅಧಿಕಾರವಿಲ್ಲ. ಅವನಿಗೆ ಇನ್ನೂ ನಾಲ್ಕು ಇಮೇಲ್ ಹಾಕುವುದು ವ್ಯರ್ಥ. ಇಮೇಲ್ ಹೋಗಬೇಕಾದದ್ದು ಪ್ಲಾಂಟ್ ಹೆಡ್‌ಗೆ. ಪ್ರತಿ ಆ ಹುಡುಗನಿಗೂ ನಮ್ಮ ಮ್ಯಾನೇಜರ್‌ಗೂ. ಮಾಲೀಕರನ್ನು ಮುಂದಿನ ಮೆಟ್ಟಿಲಿಗೆ ಉಳಿಸಿಕೊಳ್ಳಬೇಕು. ಮೊದಲ ಇಮೇಲಿಗೇ ಹತ್ತು ಜನರಿಗೆ ಪ್ರತಿ ಹಾಕಿದರೆ ಎರಡನೆಯ ಇಮೇಲಿಗೆ ಏರಲು ಮೆಟ್ಟಿಲೇ ಇರುವುದಿಲ್ಲ. ಮಾಲೀಕರೇ ಪ್ಲಾನಿಂಗ್ ಮಾಡುವ ಸಣ್ಣ ಫೌಂಡ್ರಿಯಾದರೆ ಮಾತು ಬೇರೆ, ನೇರ ಅವರಿಗೇ ಬರೆಯಬೇಕು.

ಕಳುಹಿಸುವ ಮೊದಲು ಆ ಡಿಸ್ಪ್ಯಾಚ್ ಹುಡುಗನಿಗೆ ಒಂದು ಫೋನ್ ಮಾಡಬೇಕು. ‘ನಿಮ್ಮ ಮೇಲೆ ದೂರಲ್ಲಪ್ಪ, ನನ್ನ ಲೈನ್ ನಿಲ್ತಾ ಇದೆ, ಇವತ್ತು ನಿಮ್ಮ ಸಾಹೇಬರಿಗೆ ಬರೀತಿದ್ದೀನಿ’ ಎಂದರೆ ಸಾಕು. ನಾಳೆ ಮಾಲು ನಿಜವಾಗಿ ಲೋಡ್ ಮಾಡಿಸುವವನು ಅವನೇ. ಗೊತ್ತಿಲ್ಲದಂತೆ ಮೇಲಕ್ಕೆ ಬರೆದು ಅವನನ್ನು ಶತ್ರು ಮಾಡಿಕೊಂಡರೆ ಮುಂದಿನ ಒಂದು ವರ್ಷ ಅನುಭವಿಸಬೇಕಾಗುತ್ತದೆ. ಈ ಒಂದು ಫೋನಿಗೆ ನಾನು ಇಮೇಲಿನಷ್ಟೇ ಬೆಲೆ ಕೊಡುತ್ತೇನೆ.

ಇಮೇಲ್ ಹೀಗಿರಬಹುದು. ಹೊಸದಾಗಿ ಶುರು ಮಾಡದೆ, ಹಿಂದಿನ ಪತ್ರವ್ಯವಹಾರದ ಕೊನೆಯ ಇಮೇಲಿಗೇ ಉತ್ತರವಾಗಿ ಬರೆದರೆ ಹಳೆಯ ಭರವಸೆಗಳೆಲ್ಲ ಕೆಳಗೆ ಸಾಲಾಗಿ ಕಾಣುತ್ತವೆ.

ವಿಷಯ: ಪಿಒ 1147, ಪಂಪ್ ಬಾಡಿ ಎರಕ: 280 ಬಾಕಿ, 28 ದಿನ ತಡ. ಆಗಸ್ಟ್ 12 ಮಧ್ಯಾಹ್ನ 3ರೊಳಗೆ ಉತ್ತರ ಬೇಕು

ಮಾನ್ಯರೇ,

ಜೂನ್ 2ರ ನಮ್ಮ ಪಿಒ 1147ರಂತೆ 400 ಪಂಪ್ ಬಾಡಿಗಳು ಜುಲೈ 14ಕ್ಕೆ ನಮ್ಮ ಪೀಣ್ಯ ಸ್ಟೋರ್ಸ್ ತಲುಪಬೇಕಿತ್ತು. ಜುಲೈ 22ರಂದು 120 ಬಂದಿವೆ. ಅವುಗಳ ಬಿಲ್ಲು ಆಗಸ್ಟ್ 8ಕ್ಕೆ ಪಾವತಿಯಾಗಿದೆ. ಉಳಿದ 280ಕ್ಕೆ ನಿಮ್ಮ ಕಚೇರಿಯಿಂದ ಬಂದ ದಿನಾಂಕಗಳು ಹೀಗಿವೆ: ಜುಲೈ 15ರ ಇಮೇಲಿನಲ್ಲಿ ಜುಲೈ 24; ಜುಲೈ 25ರ ಫೋನಿನಲ್ಲಿ ಆಗಸ್ಟ್ 2; ಆಗಸ್ಟ್ 4ರ ವಾಟ್ಸ್‌ಆ್ಯಪ್‌ನಲ್ಲಿ ಆಗಸ್ಟ್ 9. ಮೂರೂ ದಿನಾಂಕಗಳಿಗೆ ಮಾಲು ಬರಲಿಲ್ಲ.

ಈ 280 ಪಂಪುಗಳನ್ನು ನಾವು ಆಗಸ್ಟ್ 30ಕ್ಕೆ ನಮ್ಮ ಗಿರಾಕಿಗೆ ತಲುಪಿಸಬೇಕು. ನಮ್ಮಲ್ಲಿ ಮಷೀನಿಂಗ್, ಜೋಡಣೆ, ಪರೀಕ್ಷೆ ದಿನಕ್ಕೆ 35ರಂತೆ ನಡೆಯುತ್ತದೆ. ಬಾಡಿಗಳಿಲ್ಲದೆ ಆಗಸ್ಟ್ 6ರಿಂದ ಈ ಲೈನ್ ನಿಂತಿದೆ.

ನಾಳೆ ಮಧ್ಯಾಹ್ನ 3ರೊಳಗೆ ಎರಡು ವಿಷಯ ಬರವಣಿಗೆಯಲ್ಲಿ ತಿಳಿಸಿ. ಒಂದು, 280ರಲ್ಲಿ ಇಂದು ಸಂಜೆಗೆ ಎಷ್ಟು ಮೌಲ್ಡಿಂಗ್, ಎಷ್ಟು ಎರಕ, ಎಷ್ಟು ಫೆಟ್ಲಿಂಗ್ ಮುಗಿದಿವೆ, ಎಷ್ಟು ರಿಜೆಕ್ಟ್ ಆಗಿವೆ. ಎರಡು, ಆಗಸ್ಟ್ 18ರ ಸಂಜೆಗೆ 150, ಆಗಸ್ಟ್ 23ಕ್ಕೆ 130 ನಮ್ಮ ಸ್ಟೋರ್ಸ್ ತಲುಪಿಸುವ ಒಪ್ಪಿಗೆ. ಪ್ರತಿ ಲೋಡಿನ ಇನ್‌ವಾಯ್ಸ್, ಲಾರಿ ರಸೀದಿ, ಇ-ವೇ ಬಿಲ್ ಸಂಖ್ಯೆ ಅದೇ ದಿನ ಕಳುಹಿಸಿ.

ಸಮಯ ಉಳಿಸಲು, ಪ್ರೈಮರ್ ಬಳಿಯದ ಬಾಡಿಗಳನ್ನೂ ಈ ಸಲ ತೆಗೆದುಕೊಳ್ಳುತ್ತೇವೆ, ಪ್ರೈಮರ್ ನಾವೇ ಬಳಿಯುತ್ತೇವೆ. ನೀವು ಒಪ್ಪಿದರೆ ನಮ್ಮ ಇನ್‌ಸ್ಪೆಕ್ಟರ್ ಆಗಸ್ಟ್ 14ರಂದು ಉದ್ಯಮಬಾಗಿಗೆ ಬಂದು ಅಲ್ಲೇ ಪರೀಕ್ಷಿಸಿ ಪಾಸು ಮಾಡುತ್ತಾರೆ.

ಆಗಸ್ಟ್ 18ಕ್ಕೆ 150 ಬಾರದಿದ್ದರೆ ಸೆಪ್ಟೆಂಬರ್‌ನ 400ರ ಆರ್ಡರನ್ನು ನಿಮಗೆ ಬಿಡುಗಡೆ ಮಾಡುವುದಿಲ್ಲ. ಈಗಿನ ಬಾಕಿ ಮುಗಿದ ಕೂಡಲೇ ನಮ್ಮ ಪ್ಯಾಟರ್ನ್ ಹಿಂದಕ್ಕೆ ಪಡೆಯುತ್ತೇವೆ.

ತಡವಾಗಿ ಬಂದ 120ನ್ನು, ಇನ್ನು ಮುಂದೆ ತಡವಾಗಿ ಬರುವುದನ್ನು ನಾವು ತೆಗೆದುಕೊಂಡರೂ ಪಿಒದಂತೆ ಪರಿಹಾರ ಕೇಳುವ ಹಕ್ಕನ್ನು ಕಾಯ್ದಿರಿಸಿದ್ದೇವೆ. ಮೇಲಿನ ಹೊಸ ದಿನಾಂಕಗಳಿಂದ ಪಿಒದ ಮೂಲ ದಿನಾಂಕ ಬದಲಾಗುವುದಿಲ್ಲ.

ವಂದನೆಗಳೊಂದಿಗೆ,

ಇಷ್ಟೇ. ಇದರಲ್ಲಿ ಬೈಗುಳವೂ ಇಲ್ಲ, ‘ದಯವಿಟ್ಟು ಆದಷ್ಟು ಬೇಗ’ ಎಂಬ ಗೋಗರೆಯುವಿಕೆಯೂ ಇಲ್ಲ. ‘ಆದಷ್ಟು ಬೇಗ’ ಎಂದು ಬರೆದವನು ದಿನಾಂಕ ನಿರ್ಧರಿಸುವ ಕೆಲಸವನ್ನು ಮತ್ತೆ ಸರಬರಾಜುದಾರನಿಗೇ ಒಪ್ಪಿಸಿರುತ್ತಾನೆ. ಇಲ್ಲಿ 18 ಮತ್ತು 23 ಎಂಬ ದಿನಾಂಕಗಳು ನಮ್ಮ ಲೆಕ್ಕದಿಂದ ಬಂದವು. 19ರಿಂದ ದಿನಕ್ಕೆ 35ರಂತೆ, ಭಾನುವಾರ ಮತ್ತು ಹಬ್ಬ ಬಿಟ್ಟು ಎಂಟು ದಿನ ಕೆಲಸ ನಡೆದರೆ 28ರ ಸಂಜೆಗೆ 280 ಮುಗಿಯುತ್ತದೆ. 29ಕ್ಕೆ ಪ್ಯಾಕಿಂಗ್, 30ಕ್ಕೆ ಗಿರಾಕಿ. 280ನ್ನೂ ಒಟ್ಟಿಗೇ ಕೇಳಿದ್ದರೆ ಅವರು ‘ಆಗಲ್ಲ’ ಎನ್ನುತ್ತಿದ್ದರು. ಎರಡು ಭಾಗ ಮಾಡಿದ್ದರಿಂದ ನಮ್ಮ ಲೈನೂ ಓಡುತ್ತದೆ, ಅವರಿಗೂ ಉಸಿರಾಡಲು ಜಾಗ.

ಇ-ವೇ ಬಿಲ್ ಕೇಳಿದ್ದರ ಹಿಂದೆಯೂ ಕಾರಣವಿದೆ. 50,000 ರೂಪಾಯಿಗಿಂತ ಹೆಚ್ಚಿನ ಮಾಲು ಲಾರಿಯಲ್ಲಿ ಹೊರಡಬೇಕಾದರೆ ಅದು ಬೇಕೇ ಬೇಕು. ಇಲ್ಲಿ 150 ಬಾಡಿಗಳ ಬೆಲೆಯೇ ಮೂರೂವರೆ ಲಕ್ಷ ದಾಟುತ್ತದೆ. ‘ಗಾಡಿ ಬಿಟ್ಟದ ಸರ್’ ಎಂದವರು ಇ-ವೇ ಬಿಲ್ ಸಂಖ್ಯೆ ಕೊಡಲು ತಡಬಡಾಯಿಸಿದರೆ ಗಾಡಿ ಇನ್ನೂ ಗೇಟಿನೊಳಗೇ ಇದೆ ಎಂದೇ ಅರ್ಥ.

ಎಚ್ಚರಿಕೆಯ ಪ್ಯಾರಾ ಬರೆಯುವಾಗಲೇ ಹೆಚ್ಚಿನವರು ಎಡವುವುದು. ಸಾಮಾನ್ಯವಾಗಿ ಪಿಒದಲ್ಲಿ ವಾರಕ್ಕೆ ಅರ್ಧ ಪರ್ಸೆಂಟ್, ಗರಿಷ್ಠ ಐದು ಪರ್ಸೆಂಟ್ ಎಂದು ತಡಕ್ಕೆ ಕಡಿತದ ಶರತ್ತು ಇರುತ್ತದೆ. ಅದನ್ನೇ ದೊಡ್ಡ ಅಸ್ತ್ರವೆಂದು ಬೀಸುತ್ತಾರೆ. ಲೆಕ್ಕ ಹಾಕಿ ನೋಡಿ: 280 ಬಾಡಿಗಳ ಬೆಲೆ 6,55,200 ರೂಪಾಯಿ. ಅರ್ಧ ಪರ್ಸೆಂಟಿಗೆ ವಾರಕ್ಕೆ 3,276. ನಾಲ್ಕು ವಾರಕ್ಕೆ 13,104. ದೊಡ್ಡ ಗಿರಾಕಿಯ ಮಾಲು ಮುಂದೆ ಹಾಕಿದ್ದರಿಂದ ಫೌಂಡ್ರಿಗೆ ಸಿಕ್ಕ ಲಾಭದ ಮುಂದೆ ಇದು ಏನೇನೂ ಅಲ್ಲ. ‘ಬೇರೆಯವರಿಂದ ತರಿಸಿ ಹೆಚ್ಚಿನ ಹಣ ನಿಮ್ಮ ಲೆಕ್ಕಕ್ಕೆ ಹಾಕುತ್ತೇವೆ’ ಎಂಬ ಬೆದರಿಕೆಯೂ ಎರಕದ ವಿಷಯದಲ್ಲಿ ಬಹಳ ಸಲ ಪೊಳ್ಳು. ಹೊಸ ಫೌಂಡ್ರಿಗೆ ಪ್ಯಾಟರ್ನ್ ಸಾಗಿಸಿ, ಸ್ಯಾಂಪಲ್ ಹೊಯ್ದು, ಅಳತೆ ಪರೀಕ್ಷಿಸಿ ಪಾಸಾಗುವಷ್ಟರಲ್ಲಿ ವಾರಗಳೇ ಉರುಳುತ್ತವೆ. ಆಗಸ್ಟ್ 30 ಕೈತಪ್ಪಿರುತ್ತದೆ. ಇದು ಪ್ಲಾಂಟ್ ಹೆಡ್‌ಗೆ ನಮಗಿಂತ ಚೆನ್ನಾಗಿ ಗೊತ್ತು. ನಿಜವಾಗಿ ಮಾಡಬಹುದಾದದ್ದು ಮುಂದಿನ ಆರ್ಡರ್ ನಿಲ್ಲಿಸುವುದು, ಪ್ಯಾಟರ್ನ್ ವಾಪಸ್ ತರುವುದು. ಪ್ಯಾಟರ್ನ್ ಗೇಟು ದಾಟಿತೆಂದರೆ ಗಿರಾಕಿ ಹೋದ ಎಂದೇ ಫೌಂಡ್ರಿಯವರು ಲೆಕ್ಕ ಹಾಕುತ್ತಾರೆ. ಅದಕ್ಕೇ ಇಮೇಲಿನಲ್ಲಿ ಇವೆರಡನ್ನು ಮಾತ್ರ ಬರೆದದ್ದು.

ಕೊನೆಯ ಪ್ಯಾರಾ ವಕೀಲರ ಭಾಷೆಯಂತೆ ಕಾಣುತ್ತದೆ. ಕೆಲವರು ಒರಟಾಯಿತೆಂದು ಅದನ್ನು ತೆಗೆದುಹಾಕುತ್ತಾರೆ. ತೆಗೆಯಬೇಡಿ. 1872ರ ಭಾರತೀಯ ಕರಾರು ಕಾಯಿದೆಯ 55ನೇ ಸೆಕ್ಷನ್ ಈ ವಿಷಯದಲ್ಲಿ ಕಟ್ಟುನಿಟ್ಟು. ಸಮಯವೇ ಮುಖ್ಯವಾದ ಕರಾರಿನಲ್ಲಿ ತಡವಾಗಿ ಬಂದದ್ದನ್ನು ನೀವು ಸ್ವೀಕರಿಸಿದರೆ, ಸ್ವೀಕರಿಸುವಾಗಲೇ ‘ಪರಿಹಾರ ಕೇಳುತ್ತೇನೆ’ ಎಂದು ತಿಳಿಸಿರದಿದ್ದರೆ, ಆಮೇಲೆ ಆ ತಡಕ್ಕೆ ಪರಿಹಾರ ಕೇಳುವಂತಿಲ್ಲ. ಜುಲೈ 22ರಂದು 120 ಬಾಡಿ ಬಂದಾಗ ಸ್ಟೋರ್ಸ್‌ನವರು ಏನೂ ಬರೆಯದೆ ಇಳಿಸಿಕೊಂಡಿದ್ದಾರೆ. ಆ 120ರ ಮಟ್ಟಿಗೆ ಈಗ ಬರೆದದ್ದು ತಡವಾಯಿತೆಂದು ಅವರ ವಕೀಲರು ವಾದಿಸಬಹುದು. ಉಳಿದ 280ಕ್ಕಾದರೂ ಕಾಲ ಮಿಂಚಿಲ್ಲ. ಹಾಗೆಯೇ ಮೂರು ಸಲ ಹೊಸ ದಿನಾಂಕಕ್ಕೆ ‘ಆಯ್ತು’ ಎಂದವರು ಸಮಯ ಮುಖ್ಯವೆಂದು ಭಾವಿಸಿರಲೇ ಇಲ್ಲ ಎಂಬ ವಾದಕ್ಕೂ ದಾರಿಯಾಗುತ್ತದೆ. ಮೂಲ ದಿನಾಂಕ ಬದಲಾಗುವುದಿಲ್ಲ ಎಂಬ ಸಾಲು ಅದಕ್ಕಾಗಿ.

ಲೈನ್ ನಿಂತಿದೆ, ಗಿರಾಕಿಯ ದಿನಾಂಕ 30 ಎಂದು ಬಿಡಿಸಿ ಬರೆದದ್ದಕ್ಕೂ ಒಂದು ಹಳೆಯ ಕಥೆಯಿದೆ. ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ಹಿಟ್ಟಿನ ಗಿರಣಿಯೊಂದರ ಕ್ರ್ಯಾಂಕ್‌ಶಾಫ್ಟ್ ಮುರಿಯಿತು. ಅದನ್ನು ಮಾದರಿಯಾಗಿಟ್ಟು ಹೊಸದನ್ನು ಮಾಡಿಸಲು ಗ್ರೀನಿಚ್‌ಗೆ ಕಳುಹಿಸಬೇಕಿತ್ತು. ಸಾಗಣೆದಾರರು ದಿನಗಟ್ಟಲೆ ತಡ ಮಾಡಿದರು, ಗಿರಣಿ ನಿಂತೇ ಇತ್ತು. ಮಾಲೀಕರು ನಷ್ಟದ ಲಾಭ ಕೇಳಿದರು. 1854ರಲ್ಲಿ ಬಂದ ಹ್ಯಾಡ್ಲಿ ಮತ್ತು ಬ್ಯಾಕ್ಸೆಂಡೇಲ್ ಪ್ರಕರಣದ ತೀರ್ಪು ಅದನ್ನು ಒಪ್ಪಲಿಲ್ಲ. ಆ ಶಾಫ್ಟ್ ಇಲ್ಲದೆ ಇಡೀ ಗಿರಣಿ ನಿಲ್ಲುತ್ತದೆ ಎಂಬ ವಿಶೇಷ ಸಂಗತಿ ಒಪ್ಪಂದದ ವೇಳೆ ಸಾಗಣೆದಾರರಿಗೆ ತಿಳಿದಿರಬೇಕಿತ್ತು ಎಂಬುದು ಅದರ ಸಾರ. ನಮ್ಮ ಕಾಯಿದೆಯ 73ನೇ ಸೆಕ್ಷನ್ನಿನಲ್ಲೂ ಗಿರಣಿಯ ಯಂತ್ರವನ್ನು ತಡವಾಗಿ ತಲುಪಿಸಿದ ಉದಾಹರಣೆಯಿದೆ. ಗಿರಣಿ ನಿಂತಿದೆ ಎಂದು ಮೊದಲೇ ತಿಳಿಸಿದ್ದರಿಂದ ಆ ದಿನಗಳ ಸರಾಸರಿ ಲಾಭ ಸಿಗುತ್ತದೆ, ಕೈತಪ್ಪಿದ ಸರ್ಕಾರಿ ಗುತ್ತಿಗೆಯ ನಷ್ಟ ಸಿಗುವುದಿಲ್ಲ. ಅಂದರೆ ಲೈನಿನ ವಿಷಯವನ್ನು ಆರ್ಡರ್ ಕೊಡುವಾಗಲೇ ಹೇಳಿದ್ದರೆ ಗಟ್ಟಿ. ಆಗ ಹೇಳಿರದಿದ್ದರೂ ಈಗ ಹೇಳುವುದರಿಂದ ಪ್ಲಾಂಟ್ ಹೆಡ್‌ಗೆ ಪರಿಸ್ಥಿತಿ ಅರ್ಥವಾಗುತ್ತದೆ. ಆ ಲಾಭ ಸಣ್ಣದಲ್ಲ.

ಇಂಥ ಇಮೇಲಿಗೆ ಬಹುತೇಕ ಉತ್ತರ ಬರುವುದು ಫೋನಿನಲ್ಲಿ. ‘ಮೇಲ್ ಯಾಕ್ ಹಾಕಿದ್ರಿ ಸರ್, ಒಂದ್ ಮಾತ್ ಹೇಳಿದ್ರ ಸಾಕಿತ್ತು’ ಎಂದು ಪ್ಲಾಂಟ್ ಹೆಡ್ ಕರೆ ಮಾಡುತ್ತಾರೆ. ಪ್ರೀತಿಯಿಂದಲೇ ಮಾತನಾಡಿ. ಫೋನ್ ಇಟ್ಟ ಹದಿನೈದು ನಿಮಿಷದೊಳಗೆ ಎರಡು ಸಾಲು ಬರೆಯಿರಿ: ‘ಈಗ ಫೋನಿನಲ್ಲಿ ತಿಳಿಸಿದಂತೆ 110 ಎರಕ ಆಗಿದೆ, 35 ರಿಜೆಕ್ಟ್. ಆಗಸ್ಟ್ 18ಕ್ಕೆ 120, 24ಕ್ಕೆ 160 ಎಂದು ಹೇಳಿದ್ದೀರಿ. ತಪ್ಪಿದ್ದರೆ ಇಂದೇ ತಿಳಿಸಿ.’ 150 ಕೇಳಿದ್ದಕ್ಕೆ 120 ಎಂದರೆ ನನಗೆ ಅದರ ಮೇಲೆ ಹೆಚ್ಚು ನಂಬಿಕೆ. ಕೇಳಿದ್ದಕ್ಕೆಲ್ಲ ಹೂಂ ಎನ್ನುವ ಉತ್ತರಕ್ಕಿಂತ ಚೌಕಾಸಿ ಮಾಡಿದ ಉತ್ತರ ಮೇಲು. ಯಾರೋ ಶಾಪ್‌ಫ್ಲೋರಿಗೆ ಹೋಗಿ ಎಣಿಸಿ ಬಂದಿದ್ದಾರೆ ಎಂಬುದರ ಗುರುತು ಅದು. ಆದರೆ ಆಗಸ್ಟ್ 24 ಭಾನುವಾರ ಎಂಬುದನ್ನು ಅವರು ನೋಡಿಲ್ಲ. ಅದನ್ನು 23ಕ್ಕೆ ತರಲು ಇನ್ನೊಂದು ಫೋನ್ ಬೇಕು.

18ಕ್ಕೆ ಮಾಲು ಬಂದರೆ ಅಂದೇ ಧನ್ಯವಾದ ಹೇಳಿ ಇಮೇಲ್ ಹಾಕಿ, ಪ್ಲಾಂಟ್ ಹೆಡ್‌ಗೂ ಡಿಸ್ಪ್ಯಾಚ್ ಹುಡುಗನಿಗೂ. ಬಾರದಿದ್ದರೆ ಹೇಳಿದ ಎರಡು ಕೆಲಸವನ್ನು ಮಾಡಲೇಬೇಕು. ಸೆಪ್ಟೆಂಬರ್ ಆರ್ಡರ್ ಬೇರೆಡೆಗೆ ಹಾಕಿ, ಅದರ ಸುದ್ದಿಯನ್ನು ಮಾಲೀಕರಿಗೆ ಮೂರು ಸಾಲಿನಲ್ಲಿ ತಿಳಿಸಿ. ಹೇಳಿ ಮಾಡದಿದ್ದರೆ ನಿಮ್ಮ ಮುಂದಿನ ಇಮೇಲನ್ನು ಉದ್ಯಮಬಾಗಿನಲ್ಲಿ ಯಾರೂ ಓದುವುದಿಲ್ಲ.

ಇಷ್ಟೆಲ್ಲ ಮಾಡಲು ಒಂದು ಕಾಗದ ಮೊದಲೇ ಸರಿಯಾಗಿರಬೇಕು. ನಿಮ್ಮ ಕಪಾಟಿನಲ್ಲಿರುವ ಪಿಒ ನಮೂನೆಯನ್ನು ಇವತ್ತೇ ತೆಗೆದು ನೋಡಿ. ಪ್ಯಾಟರ್ನ್ ಯಾರ ಸ್ವತ್ತು, ಯಾವಾಗ ಬೇಕಾದರೂ ವಾಪಸ್ ಕೊಡಬೇಕು, ಹೇಳಿದ ದಿನಾಂಕವೇ ಒಪ್ಪಂದದ ಮುಖ್ಯ ಅಂಶ ಎಂಬ ಸಾಲುಗಳು ಅದರಲ್ಲಿ ಇಲ್ಲದಿದ್ದರೆ ಮುಂದಿನ ಆರ್ಡರ್ ಹೋಗುವ ಮೊದಲು ಸೇರಿಸಿ.